ನಲವತ್ತಾರರ ಬ್ಯಾಚು

ಕಾಂಚನ ಗಡಹಿಂಗ್ಲಜದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಾಳೆ. ಸೇರಿದ್ದು ಪ್ರವೇಶದ ಫಾರ್ಮು ತುಂಬಿಸಿಕೊಳ್ಳಲು. ಈಗ ಕ್ಲಾಸಿನ ವೆಬ್‌ಸೈಟು, ಇನ್‌ಸ್ಟಾಗ್ರಾಂ ಕೂಡ ಅವಳ ಕೈಯಲ್ಲೇ ಇವೆ. ತವರು ಇಚಲಕರಂಜಿ, ಅಪ್ಪನದು ಬಟ್ಟೆಯ ಸಣ್ಣ ವ್ಯಾಪಾರ. ಚಿತ್ರ ಜೋಡಿಸುವ ಕೆಲಸವನ್ನು ಯಾರೂ ಕಲಿಸಲಿಲ್ಲ, ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಹಣೆಗೆ ತೆಳುವಾಗಿ ವಿಭೂತಿ ಹಚ್ಚಿಕೊಂಡು ಒಂಬತ್ತಕ್ಕೆ ರಿಸೆಪ್ಷನ್ನಿನಲ್ಲಿ ಕೂರುತ್ತಾಳೆ. ಮಾತು ಕಡಿಮೆ.

ಜೂನ್ ತಿಂಗಳಲ್ಲಿ ನೀಟ್ ಫಲಿತಾಂಶ ಬಂದ ದಿನ ಅವಳಿಗೆ ಊಟಕ್ಕೂ ಪುರಸೊತ್ತಿಲ್ಲ. ಸಂಜೆಯೊಳಗೆ ಸ್ಲೈಡು ತಯಾರಾಗಬೇಕು. ಒಂದರ ಹಿಂದೊಂದು ಸರಿಯುವ ಈ ಚಿತ್ರಗಳ ಸಾಲಿಗೆ ಕ್ಲಾಸಿನವರು ಕ್ಯಾರೊಸೆಲ್ ಎನ್ನುತ್ತಾರೆ. ಫೋನಿನಲ್ಲಿ ಅದನ್ನು ಬೆರಳಿನಿಂದ ಸರಿಸಬೇಕು, ರಿಸೆಪ್ಷನ್ನಿನ ಟಿವಿಯಲ್ಲಿ ತಾನೇ ತಿರುಗುತ್ತದೆ. ಈ ವರ್ಷವೂ ಐದು ಮುಖ ಹಾಕಿದಳು. ಕೊನೆಯ ಸ್ಲೈಡಿನಲ್ಲಿ, ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವವರ ಬ್ಯಾಚಿನ ಬಗ್ಗೆ ದಪ್ಪ ಅಕ್ಷರದಲ್ಲಿ, 'ರಿಪೀಟರ್ ಬ್ಯಾಚು: 21 ಆಯ್ಕೆ'. ಕ್ಲಾಸಿನ ಮಾಲೀಕ ಸುಕುಮಾರ ಸರ್ ಹೇಳಿದಂತೆ ಹಾಕಿದ್ದಳು.

ಎರಡು ದಿನದ ಮೇಲೆ, ಬುಧವಾರ, ಮಹಾಗಾಂವದ ಕಡೆಯಿಂದ ತಾರವ್ವ ಬಂದಳು. ಕುರಿ ಸಾಕುವ ಮನೆಯವಳು. ಅವಳ ಮಗಳು ಪ್ರಾಜಕ್ತಾ ಹನ್ನೆರಡನೆಯದು ಮುಗಿಸಿ, ಒಂದು ವರ್ಷ ಬೇರೆಲ್ಲೂ ಸೇರದೆ ಇಲ್ಲಿಯ ರಿಪೀಟರ್ ಬ್ಯಾಚಿನಲ್ಲಿ ಓದಿದ್ದಳು. ಅರ್ಹತೆ ಬಂದಿರಲಿಲ್ಲ. ಇನ್ನೂ ಒಂದು ವರ್ಷ ಹಾಗೆಯೇ ಓದುತ್ತೇನೆ ಎನ್ನುತ್ತಿದ್ದಳು. ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರವೇಶಕ್ಕೆ ಶನಿವಾರವೇ ಕೊನೆಯ ದಿನ. ಎರಡರಲ್ಲಿ ಒಂದನ್ನು ಅಷ್ಟರೊಳಗೆ ಆರಿಸಬೇಕು. ಅದನ್ನು ಕೇಳಲು ತಾರವ್ವ ಒಬ್ಬಳೇ ಬಂದಿದ್ದಳು.

ಸರ್ ಒಳಗೆ ಪಾಠದಲ್ಲಿದ್ದರು. ತಾರವ್ವ ಬೆಂಚಿನ ತುದಿಯಲ್ಲಿ ಕೂತು ಟಿವಿ ನೋಡತೊಡಗಿದಳು. ಐದು ಮುಖ ಬಂದು ಹೋದವು. ಮತ್ತೆ ಮೊದಲಿನಿಂದ ಬಂದವು. ಮೂರನೆಯ ಸುತ್ತಿಗೆ ಕಾಂಚನ ಗಮನಿಸಿದಳು. ಪ್ರತಿ ಸಲ ಚಿತ್ರ ಬದಲಾಗುವಾಗ ತಾರವ್ವ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು.

"ಏನ್ ನೋಡಾಕತ್ತೀರಿ ಮಾಂವಶಿ?"

"ನಮ್ಮ ಪ್ರಾಜಕ್ತಾಂದು ಪಾಳಿ ಇನ್ನೂ ಬಂದಿಲ್ಲ ನೋಡ್ರಿ ಬಾಯಾರ. ಭಾಳ ಹುಡುಗೂರ ಅದಾವೇನು?"

ಕಾಂಚನಳಿಗೆ ಅರ್ಥವಾಯಿತು. ಸೇರುವ ದಿನ ಗುರುತಿನ ಚೀಟಿಗೆಂದು ಎಲ್ಲರ ಫೋಟೋ ತೆಗೆದಿದ್ದರು. ತೆಗೆದ ಮೇಲೆ ತೋರಿಸುತ್ತಾರೆ ಎಂದು ತಾರವ್ವ ತಿಳಿದಿದ್ದಳು.

"ಚೊಲೊ ಮಾರ್ಕ್ಸ್ ಬಂದವ್ರದು ಅಷ್ಟ ಹಾಕೇವ್ರಿ."

"ಹಂಗೇನು." ತಾರವ್ವ ಸೆರಗು ಸರಿಮಾಡಿಕೊಂಡಳು. "ಇಪ್ಪತ್ತೊಂದು ಅಂತ ಐತಲ್ಲ, ಎಷ್ಟರಾಗ?"

"ಅಂದ್ರ?"

"ನಾವು ಮುಂಜಾನೆ ಕುರಿ ಬಿಡಾಗ ಎಣಿಸ್ತೇವ್ರಿ, ಸಂಜೀಕ ಹಟ್ಟಿಗೆ ಹಾಕಾಗ ಎಣಿಸ್ತೇವು. ಬಂದದ್ದಷ್ಟ ಹೇಳಿದ್ರ ನನ್ನ ಗಂಡ ಬೈತಾನ. ಹೋಗಿದ್ದೆಷ್ಟು ಹೇಳ ಅಂತಾನ. ಕುಂಟು ಕುರೀನೂ ಎಣಿಕ್ಯಾಗ ಬರಬೇಕ್ರಿ."

ಕಾಂಚನಳಿಗೆ ಅಂಕಿ ಗೊತ್ತಿತ್ತು. ಫಾರ್ಮು ತುಂಬಿಸಿಕೊಂಡವಳು ಅವಳೇ. ಆದರೆ ಬಾಯಲ್ಲಿ ಹೇಳಿದರೆ ಅದು ತನ್ನ ಮಾತಾಗುತ್ತದೆ, ಗೋಡೆಯ ಟಿವಿಯಲ್ಲಿನದು ಕ್ಲಾಸಿನ ಮಾತಾಗಿ ಉಳಿಯುತ್ತದೆ ಎನ್ನಿಸಿತು.

"ಶನಿವಾರ ಮುಂಜಾನೆ ಪ್ರಾಜಕ್ತಾನ್ನ ಕರ್ಕೊಂಡು ಬರ್ರಿ," ಎಂದಳು.

ಆ ಸಂಜೆ ಅವಳು ಸರ್ ಮುಂದೆ ಹೊಸ ಸ್ಲೈಡುಗಳನ್ನು ಇಟ್ಟಳು. ಮೊದಲನೆಯದರಲ್ಲಿ ಯಾರ ಮುಖವೂ ಇರಲಿಲ್ಲ. ಪ್ರತಿ ಬ್ಯಾಚಿಗೆ ಸೇರಿದವರು, ಪರೀಕ್ಷೆ ಬರೆದವರು, ಅರ್ಹರಾದವರು. ನಡುವೆ ಬಿಟ್ಟುಹೋದವರನ್ನೂ ಕಳೆದಿರಲಿಲ್ಲ. ಎರಡನೆಯದರಲ್ಲಿ ಯಾವ ಅಂಕದ ಗುಂಪಿನಲ್ಲಿ ಎಷ್ಟು ಮಂದಿ ಎಂಬ ಪಟ್ಟಿ, ಹೆಸರಿಲ್ಲದೆ. ಒಬ್ಬಿಬ್ಬರಿದ್ದ ಗುಂಪನ್ನು ಪಕ್ಕದ್ದಕ್ಕೆ ಸೇರಿಸಿದ್ದಳು, ಯಾರೆಂದು ಊಹಿಸಲು ಬರಬಾರದೆಂದು. ಮೂರನೆಯದು ರಿಪೀಟರ್ ಬ್ಯಾಚಿನದೇ, ಹೋದ ವರ್ಷದ ಲೆಕ್ಕದೊಂದಿಗೆ. ಐದು ಮುಖಗಳು ಆಮೇಲೆ. ಪ್ರತಿ ಮುಖದ ಕೆಳಗೆ ಅವರು ಓದಿದ ಕೋರ್ಸು, ಅವಧಿ.

ಸುಕುಮಾರ ಸರ್ ಕನ್ನಡಕ ತೆಗೆದು ಐದರಲ್ಲಿ ಒಂದು ಮುಖ ತೋರಿಸಿದರು. "ವಿಶಾಲನ ಕೆಳಗ ಇದೇನ್ ಮ್ಯಾಡಮ್, 'ಟೆಸ್ಟ್ ಸೀರೀಸ್ ಮಾತ್ರ, ಮೂರು ತಿಂಗಳು'?"

"ಅಂವ ಪಾಠ ಕೇಳಿದ್ದು ಕೊಲ್ಲಾಪುರದಾಗ್ರಿ ಸರ್. ಅಲ್ಲಿ ಕ್ಲಾಸಿನ ಹೋರ್ಡಿಂಗಿನ್ಯಾಗೂ ಅವನ ಮುಖ ಐತಿ. ಕೋರ್ಸು ಬರೀಬೇಕಂತ ಸರಕಾರದ ಮಾರ್ಗಸೂಚಿನೂ ಐತಿ."

"ಕೋರ್ಸು ಬರೀ ಅಂದಾರ. ಬ್ಯಾಚಿನಾಗ ಎಷ್ಟು ಮಂದಿ ಅಂತ ಬರೀ ಅಂದಿಲ್ಲ."

"ಇಲ್ರಿ. ಅದು ನಾ ಬರದದ್ದು."

"ಅದೂ ಇಷ್ಟು ದೊಡ್ಡದಾಗಿ ಬರದಿಯಲ್ಲ ಮಾರಾಯ್ತಿ! ಇಪ್ಪತ್ತೊಂದಕ್ಕೂ ನಲವತ್ತಾರಕ್ಕೂ ಒಂದ ಸೈಜು!"

"ಸಣ್ಣದಾದ್ರ ಫೋನಿನ್ಯಾಗ ಕಾಣೂದಿಲ್ರಿ."

ಸರ್ ನಕ್ಕರು, ಆದರೆ ಸಂತೋಷದಿಂದಲ್ಲ. 'ಆಯ್ಕೆ' ಎಂಬ ಮಾತು ಹೋಗಿ 'ಅರ್ಹತೆ' ಬಂದಿದ್ದನ್ನು ತೋರಿಸಿದರು. ಅರ್ಹರಾದವರೆಲ್ಲರಿಗೂ ಸೀಟು ಸಿಗುವುದಿಲ್ಲ, ಸೀಟಿನ ಹಂಚಿಕೆ ಇನ್ನೂ ಶುರುವೇ ಆಗಿಲ್ಲ ಎಂದಳು ಕಾಂಚನ. ಅದು ಸರ್‌ಗೂ ಗೊತ್ತಿದ್ದ ವಿಷಯ. ಅವರು ಭೌತಶಾಸ್ತ್ರ ಕಲಿಸುವವರು, ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಳೆಯುವವರು.

"ಕಾಂಚನಾ, ಈ ವರ್ಷ ರಿಪೀಟರ್ ಬ್ಯಾಚು ತುಂಬಲಿಲ್ಲಂದ್ರ?"

"ತುಂಬೂದಿಲ್ಲ ಅಂತನ ಹಿಡೀರಿ ಸರ್."

ಸರ್ ಸ್ಲೈಡುಗಳನ್ನು ಮೊದಲಿನಿಂದ ಇನ್ನೊಮ್ಮೆ ಸರಿಸಿ ನೋಡಿದರು. ಕಡೆಗೆ "ಶನಿವಾರದ ತನಕ ಇರ್ಲಿ. ಆಮ್ಯಾಲ ನೋಡೂಣು," ಎಂದು ಎದ್ದರು.

ಶನಿವಾರ ಬೆಳಿಗ್ಗೆ ತಾರವ್ವ, ಪ್ರಾಜಕ್ತಾ ಬಂದರು. ಹುಡುಗಿ ಫೈಲು ಎದೆಗೆ ಅವಚಿಕೊಂಡಿದ್ದಳು. ಟಿವಿಯಲ್ಲಿ ಈಗ ಒಂದೊಂದು ಸ್ಲೈಡು ಹದಿನೈದು ಸೆಕೆಂಡು ನಿಲ್ಲುತ್ತಿತ್ತು. ನಾಲ್ಕು ಸೆಕೆಂಡಿನಲ್ಲಿ ಮುಖ ನೋಡಬಹುದು, ಅಂಕಿ ಓದಲಾಗದು ಎಂದು ಕಾಂಚನ ಹೆಚ್ಚಿಸಿದ್ದಳು. ರಿಪೀಟರ್ ಸ್ಲೈಡು ಬಂದಾಗ ಅದನ್ನು ನಿಲ್ಲಿಸಿದಳು.

"ಓದ, ಅವ್ವಗ ತಿಳಿಯೂ ಹಂಗ," ಎಂದಳು.

ಪ್ರಾಜಕ್ತಾ ಓದಿದಳು. "ಸೇರಿದವ್ರು ನಲವತ್ತಾರು. ಪರೀಕ್ಷಾ ಬರದವ್ರು ಮೂವತ್ತೆಂಟು. ಅರ್ಹತೆ ಇಪ್ಪತ್ತೊಂದು. ಹ್ವಾದ ವರ್ಷ ಸೇರಿದವ್ರು ನಲವತ್ತೊಂದು, ಎಂಬಿಬಿಎಸ್ ಸೀಟು ಮೂರು." ದನಿ ಸಣ್ಣದಾಯಿತು. "ಈ ವರ್ಷ ಎರಡನೇ ಸಲ ರಿಪೀಟ್ ಮಾಡಿದವ್ರು ಒಂಬತ್ತು. ಬರದವ್ರು ಏಳು. ಮಾರ್ಕ್ಸ್ ಏರಿದ್ದು ಮೂರು ಮಂದೀದು. ಏರಲಾರದ್ದು ನಾಕು."

"ಅಂದ್ರ ಒಂಬತ್ತು ಕುರಿ ಬಿಟ್ರ ಮೂರು ಚೊಲೊ ಬಂದಂಗ," ಎಂದಳು ತಾರವ್ವ.

"ಸಣ್ಣ ಲೆಕ್ಕರಿ ಮಾಂವಶಿ ಅದು," ಎಂದಳು ಕಾಂಚನ. "ಒಂಬತ್ತು ಮಂದಿ ಮ್ಯಾಲ ಹತ್ತನೇದಾಕೀದು ಹೇಳಾಕ ಆಗೂದಿಲ್ಲ. ಅದಕ್ಕ ಶೇಕಡಾ ಹಾಕಿಲ್ಲ."

ತಾರವ್ವ ಮಗಳನ್ನು ನೋಡಿದಳು. "ನೀ ಹೇಳ. ಬ್ಯಾಡ ಅಂದದ್ದು ನಾನು ಅಂತ ನಾಳೆ ಅನಬಾರ್ದು."

ಪ್ರಾಜಕ್ತಾ ಬಹಳ ಹೊತ್ತು ಟಿವಿ ನೋಡಿದಳು. ಮನೆಯಲ್ಲಿ ಅವಳು ಇಪ್ಪತ್ತೊಂದನ್ನೇ ಹೇಳಿ ವಾದಿಸಿದ್ದಳು. ಈಗ ಪಕ್ಕದಲ್ಲಿ ನಲವತ್ತಾರು ಅಷ್ಟೇ ದೊಡ್ಡದಾಗಿ ನಿಂತಿತ್ತು, ಅದರಲ್ಲಿ ಅವಳೂ ಒಬ್ಬಳಾಗಿದ್ದಳು.

"ಕಾಲೇಜು ಹನ್ನೆರಡರ ತನಕ ತಗದಿರ್ತೈತಿ ಅವ್ವಾ," ಎಂದಳು. "ಮುಂದ ಬೇಕಾದ್ರ ಬಿ.ಎಸ್ಸಿ. ಮಾಡ್ಕೋತ ಮತ್ತೊಮ್ಮೆ ಬರೀತೇನಿ."

ಏಳುವಾಗ ತಾರವ್ವ ಕೇಳಿದಳು: "ಬಾಯಾರ, ಇದರಾಗ ನಮ್ಮಾಕಿ ಎಲ್ಲಿ ಅದಾಳ?"

ಕಾಂಚನ ಎದ್ದುಹೋಗಿ ನಲವತ್ತಾರರ ಮೇಲೆ ಬೆರಳಿಟ್ಟಳು. "ಇಲ್ಲಿ ಅದಾಳ್ರಿ." ಆಮೇಲೆ ಮೂವತ್ತೆಂಟರ ಮೇಲೆ. "ಇಲ್ಲೂ."

"ಎಣಿಕ್ಯಾಗ ಅದಾಳಲ್ಲ," ಎಂದಳು ತಾರವ್ವ, ಚಪ್ಪಲಿ ಹುಡುಕುತ್ತ.

ಅವರು ರಸ್ತೆ ದಾಟಿದ್ದನ್ನು ಸುಕುಮಾರ ಸರ್ ಕಿಟಕಿಯಿಂದ ನೋಡಿದರು. "ಒಂದು ಅಡ್ಮಿಷನ್ ಹೋತು."

"ಹೋತ್ರಿ ಸರ್."

ಆ ವರ್ಷ ರಿಪೀಟರ್ ಬ್ಯಾಚಿಗೆ ಮೂವತ್ತು ಮಂದಿ ಸೇರಿದರು. ಜುಲೈಯ ಕೊನೆಗೆ ಸರ್ ಕಾಂಚನಳನ್ನು ಕರೆದು, ಮುಂದಿನ ವರ್ಷದ ಸ್ಲೈಡಿಗೆ ಈ ಅಂಕಿ ಬೇಕಾಗುತ್ತದೆ, ಈಗಲೇ ಬರೆದಿಟ್ಟುಕೋ ಎಂದರು. ಅವಳು ಬರೆದಿಟ್ಟುಕೊಂಡಳು: ಸೇರಿದವರು, 30.