ನಕಾಶೆಯ ಹೊಳೆಗೆ ಅಡ್ಡ ಬಂದ ಅಕ್ಕ

ನನ್ನ ಫ್ಯಾಂಟಸಿ ಕಾದಂಬರಿ ಮುಗಿದಿತ್ತು. ರಾಜಕುಮಾರಿ ರಾಜಧಾನಿ ಬಿಟ್ಟು, ಶತ್ರುಗಳಿದ್ದ ಕಣಿವೆ ದಾಟಿ, ದೂರದ ಕೋಟೆ ಸೇರುವ ಕಥೆ. ಪ್ರಕಾಶಕರು ಫೋನ್ ಮಾಡಿ, "ಪುಸ್ತಕದ ಸುರುವಿಗೆ ಒಂದು ನಕಾಶೆ ಬೇಕ್ರಿ" ಎಂದರು. ಒಂದೇ ಮಧ್ಯಾಹ್ನದಲ್ಲಿ ಬರೆದುಬಿಟ್ಟೆ. ಹಾಳೆ ಖಾಲಿ ಕಂಡಲ್ಲೆಲ್ಲ ಬೆಟ್ಟ ಇಟ್ಟೆ, ಬೆಟ್ಟ ಸಾಲದ ಕಡೆ ಕಾಡು, ಕಾಡಿಗೊಂದು ಭಯಂಕರ ಹೆಸರು. ಚಂದಕ್ಕೆಂದು ನಡುವೆ ಒಂದು ಹೊಳೆ. ಸೃಷ್ಟಿಕರ್ತ ಇಷ್ಟು ಸಲೀಸಾಗಿ ಕೆಲಸ ಮುಗಿಸಿರಲಾರ ಎಂದುಕೊಂಡೆ.

ಅಕ್ಕ ಇಳಕಲ್–ಬಾದಾಮಿ ಬಸ್ಸಿನ ಕಂಡಕ್ಟರು. ಹಸ್ತಪ್ರತಿಯನ್ನು ಆಗಲೇ ಓದಿದ್ದಳು. ಭಾನುವಾರ ಮನೆಗೆ ಬಂದವಳ ಮುಂದೆ ನಕಾಶೆ ಹಾಸಿದೆ, ಹೊಗಳಲಿ ಅಂತ.

"ಈ ಹೊಳಿ ಸಮುದ್ರದಾಗ ಹುಟ್ಟಿ ಗುಡ್ಡ ಹತ್ತತೈತೇನೋ?"

ಹೊಳೆ ಹರಿಯುವ ದಿಕ್ಕು ತೋರಿಸುವ ಬಾಣದ ಗುರುತು ತಿರುಗುಮುರುಗಾಗಿತ್ತು. ಅದನ್ನು ಅಳಿಸಿ ಸರಿಪಡಿಸಿದೆ. ಅವಳು ಬೆರಳಿಟ್ಟು ದಾರಿ ಅಳೆದಳು.

"ಮೂರನೇ ಅಧ್ಯಾಯದಾಗ ನಿನ್ನ ಹುಡುಗಿ ರಾಜಧಾನಿಯಿಂದ ಕಣಿವಿಗೆ ನಡಕೊಂತ ಎರಡ ದಿನಕ್ಕ ಹೋಗ್ಯಾಳ. ಒಂಬತ್ತನೇದ್ರಾಗ ಕುದುರಿ ಮ್ಯಾಲಿನ ದೂತನಿಗೆ ಅದೇ ದಾರಿ ಎಂಟ ದಿನ ಹಿಡಿದೈತಿ. ಕುದುರಿಗೆ ಕಾಲಬ್ಯಾನಿ ಏನು?"

"ಕಥೀರಿ ಅದು, ಅಕ್ಕಾವ್ರ!" ಎಂದು ಕೆಣಕಿದೆ.

"ಕಥಿ ಇರ್ಲಿ. ನಕಾಶಿ ಹಾಕಿದ ಮ್ಯಾಲ ಓದೋರು ಬೊಟ್ಟಿಟ್ಟು ಅಳೀತಾರ." ಆಮೇಲೆ ರಾಜಧಾನಿಯಿಂದ ಹೊಳೆಯ ಮೇಲೆ ಬೆರಳು ಸರಿಸುತ್ತ ಹೋಗಿ ಕೋಟೆಯ ಬಾಗಿಲಲ್ಲೇ ನಿಲ್ಲಿಸಿದಳು. "ಸೀದಾ ದೋಣಿ ಹತ್ತಿದ್ರ ಮುಗೀತು. ಶತ್ರುಗಳ ಕಣಿವ್ಯಾಗ ಯಾಕ ಸಾಯಾಕ ಹೋಗ್ತಾಳ?"

ಇಡೀ ಕಾದಂಬರಿ ಒಂದು ದೋಣಿಯಲ್ಲಿ ಮುಳುಗಿತು. ನನಗೆ ಸಿಟ್ಟು ಬಂತು. ಅವಳು ಟೀ ಕುಡಿದಳು.

ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ಹೊಳೆಯ ನಡುವೆ ಒಂದು ಜಲಪಾತ ಬರೆದೆ. ಅಲ್ಲಿಯವರೆಗೆ ದೋಣಿ ಬರಲಿ, ಮುಂದೆ ಅದನ್ನು ಹೆಗಲ ಮೇಲೆ ಹೊತ್ತು ಇಳಿಸಬೇಕು. ಚದುರಿ ಬಿದ್ದಿದ್ದ ಬೆಟ್ಟಗಳನ್ನು ಒಂದೇ ಸಾಲಾಗಿ ಕೂಡಿಸಿ, ದಾಟಲು ಜಲಪಾತದ ಪಕ್ಕದ ಕಣಿವೆಯೊಂದನ್ನೇ ಬಿಟ್ಟೆ. ಈಗ ಶತ್ರುಗಳು ಎಲ್ಲಿ ಕಾಯುತ್ತಾರೆಂದು ಯಾರೂ ಕೇಳುವಂತಿರಲಿಲ್ಲ. ದೋಣಿ ಹೊತ್ತವರಿಗೆ ಕತ್ತಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ರಾಜಕುಮಾರಿಯ ಜೊತೆ ಹೊರಟಿದ್ದ ಗೆಳತಿ ಅಲ್ಲೇ ಸತ್ತಳು. ನಾನು ಅವಳನ್ನು ಕೊಲ್ಲಬೇಕೆಂದಿರಲಿಲ್ಲ. ನಕಾಶೆಯ ಮೇಲೆ ಒಂದು ಬೆರಳಗಲಕ್ಕೆ ಒಂದು ದಿನದ ನಡಿಗೆ ಎಂದು ಗೊತ್ತುಮಾಡಿ ಪ್ರತಿ ಅಧ್ಯಾಯದ ದಿನಗಳನ್ನು ತಿದ್ದಿದೆ. ಕಥೆ ಕಾಲಿಡದ ಐದು ಊರುಗಳನ್ನು ಅಳಿಸಿದೆ. ಮೂರು ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು. ಅವೇ ಪುಸ್ತಕದಲ್ಲಿ ಓದುವಂತಿರುವವು.

ಪುಸ್ತಕ ಹೊರಬಂದ ಮೇಲೆ ಬಾಗಲಕೋಟೆಯ ಒಬ್ಬ ವಿಮರ್ಶಕರು ಆ ಜಲಪಾತ "ಆತ್ಮದ ಪತನದ ಸಂಕೇತ" ಎಂದು ಬರೆದರು. ನಾನು ವಿನಯದಿಂದ ಒಪ್ಪಿಕೊಂಡೆ.

ಅಚ್ಚಾದ ಪ್ರತಿಯನ್ನು ಅಕ್ಕನಿಗೆ ಕೊಟ್ಟಾಗ ಅವಳು ಮೊದಲು ನಕಾಶೆಯನ್ನೇ ತೆರೆದಳು. ಎರಡು ಪುಟಕ್ಕೆ ಹರಡಿದ್ದ ಚಿತ್ರದ ನಟ್ಟನಡುವಿನ ಊರು ಪುಸ್ತಕದ ಬೆನ್ನಿನ ಹೊಲಿಗೆಯೊಳಗೆ ಹೋಗಿತ್ತು.

"ರಾಜಧಾನಿ ಎಲ್ಲೈತೋ?"

ಪುಸ್ತಕವನ್ನು ಮೊಣಕಾಲ ಮೇಲಿಟ್ಟು ಎರಡೂ ಕೈಯಿಂದ ಒತ್ತಿದಳು. ಅದರ ಬೆನ್ನು ಪಟ್ಟನೆ ಮುರಿಯಿತು. "ಹಾಂ, ಸಿಕ್ತು" ಎಂದು ಓದತೊಡಗಿದಳು.