ಉದ್ದನೆಯ ಗೌರವ

ದೋಹಾದ ನಮ್ಮ ಆಫೀಸಿಗೆ ಈಮೇಲ್ ಬಂದ ಹೊಸತು. ತೊಂಬತ್ತರ ದಶಕದ ಕೊನೆ. ಫ್ರಾನ್ಸಿನ ಸಪ್ಲೈಯರಿಗೆ ಬರೆಯುವುದು ನನ್ನ ಡ್ಯೂಟಿ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ನನಗೆ ಫ್ರೆಂಚ್ ಕಲಿಸಿದ್ದರಲ್ಲ! ಉಡುಪಿ ಕಡೆಯ ನಮ್ಮ ಮ್ಯಾನೇಜರಿಗೆ ಫ್ರೆಂಚ್ ಬಾರದು. ಮರ್ಯಾದೆ ಮಾತ್ರ ಬೇಕಾದಷ್ಟು ಗೊತ್ತಿತ್ತು.

ಆ ಆಗಸ್ಟಿನಲ್ಲಿ ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಕೈಕೊಟ್ಟಿತು. ಪಾರ್ಟ್ ಫ್ರಾನ್ಸಿನಿಂದಲೇ ಬರಬೇಕು.

"ಪಾರ್ಟ್ ಬರುವವರೆಗೆ ನಿಮಗೆ ಲೀವ್ ಮಾಫಿ, ಬಾಯಮ್ಮ," ಎಂದರು ಮ್ಯಾನೇಜರ್.

ಅರಬ್ಬಿಯಲ್ಲಿ ಮಾಫಿ ಎಂದರೆ 'ಇಲ್ಲ'. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ನಮ್ಮ ಕ್ರೈಸ್ತರ ತೆನೆಹಬ್ಬ. ಅಮ್ಮನ ಕೈಯಿಂದ ಹೊಸ ಅಕ್ಕಿಯ ಊಟ ಉಣ್ಣದೆ ವರ್ಷಗಳಾಗಿದ್ದವು.

ಎರಡು ಸಾಲಿನ ಈಮೇಲ್ ಬರೆದು ಕೊನೆಗೆ 'ಕೋರ್ದಿಯಾಲ್‌ಮಾಂ' ಹಾಕಿದೆ. ಸರಿಸಮಾನರು, ಪರಿಚಯದವರು ಪತ್ರ ಮುಗಿಸುವಾಗ ಬಳಸುವ ವಂದನೆ.

"ಇದೆಂತದು, ಇಷ್ಟು ಗಿಡ್ಡ? ಬೇರೆ ಇಲ್ವಾ?"

"'ರೆಸ್ಪೆಕ್ತುಯೋಜ್‌ಮಾಂ' ಉಂಟು ಸರ್. ಆದರೆ ಅದು ಕೈಕೆಳಗಿನವರು ದೊಡ್ಡವರಿಗೆ ಬರೆಯುವುದು. ನಾವು ಕಸ್ಟಮರ್. ಅಲ್ಲಿ ಓದುವವಳು ಆರ್ಡರ್ ಡೆಸ್ಕಿನ ಹುಡುಗಿ."

"ಮರ್ಯಾದೆ ಕೊಟ್ರೆ ನಮ್ಮ ಗಂಟೇನು ಹೋಗ್ತದೆ ಮಾರಾಯ್ರೆ? ಉದ್ದದ್ದನ್ನೇ ಹಾಕಿ!"

ಹಾಕಿದೆ. ಇಷ್ಟು ತಲೆಬಾಗಿದವರಿಗೆ ಅವಸರವಿಲ್ಲವೆಂದು ತಿಳಿದಳೋ ಏನೋ, ಹುಡುಗಿ ಆರಾಮಾಗಿ ಉತ್ತರ ಬರೆದಳು: ಅರ್ಧ ಸ್ಟಾಫ್ ರಜೆಯಲ್ಲಿದ್ದಾರೆ, ನಿಮ್ಮ ಸರದಿ ಬಂದಾಗ ನೋಡೋಣ. ಕೋರ್ದಿಯಾಲ್‌ಮಾಂ.

ಅಲ್ಲಿಯವರಿಗೆಲ್ಲ ರಜೆ! ನನ್ನ ಮೊಂತಿ ಹಬ್ಬ ಅಲ್ಲೇ ಕರಗುತ್ತಿತ್ತು. ಎರಡನೇ ಈಮೇಲ್ ಬರೆದೆ: ಆರ್ಡರ್ ಅರ್ಜೆಂಟ್, ಕಳಿಸುವ ದಿನ ತಿಳಿಸಿ. ಕೊನೆಗೆ 'ಸಾಲ್ಯುತಾಸಿಯೋಂ ದಿಸ್ತಾಂಗೇ'. ಅದು ಇಸ್ತ್ರಿ ಹಾಕಿದ ಕಾಲರಿನಂಥ ನಮಸ್ಕಾರ; ಮರ್ಯಾದೆ ಪೂರ್ತಿ, ಸಲಿಗೆ ಸೊನ್ನೆ. ವ್ಯಾಪಾರದ ಪತ್ರದಲ್ಲಿ ಮುಖ ಬಿಗಿದುಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ ಎಂದಿದ್ದರು ಸಿಸ್ಟರ್.

ಮ್ಯಾನೇಜರ್ ಕನ್ನಡಕ ಏರಿಸಿ ಸ್ಕ್ರೀನಿಗೆ ಬಾಗಿದರು.

"ಇದು ಮೊನ್ನೆಯದ್ದಕ್ಕಿಂತಲೂ ಉದ್ದ ಉಂಟಲ್ಲ?"

"ಎರಡು ಶಬ್ದ ಸರ್."

"ಹಾಂ, ಹೀಗೆ! ಯಲ್ಲಾ, ಬೇಗ ಕಳಿಸಿ."

ಮರುದಿನವೇ ಹುಡುಗಿಯ ಬಾಸಿನಿಂದ ಉತ್ತರ: ತಡವಾದದ್ದಕ್ಕೆ ಕ್ಷಮಿಸಿ, ಪಾರ್ಟನ್ನು ಈ ವಾರ ವಿಮಾನದಲ್ಲಿ ಕಳಿಸುತ್ತೇವೆ. ಕೊನೆಯಲ್ಲಿ ಅವನದೂ ಇಸ್ತ್ರಿ ಹಾಕಿದ ನಮಸ್ಕಾರವೇ.

"ನೋಡಿದಿರಾ ಬಾಯಮ್ಮ, ಮರ್ಯಾದೆಗೆ ಮರ್ಯಾದೆ!" ಎಂದು ಮ್ಯಾನೇಜರ್ ಟೇಬಲ್ ತಟ್ಟಿದರು.

"ಹೌದು ಸರ್, ನೀವು ಹೇಳಿದ ಹಾಗೇ," ಎಂದೆ, ಮಹಾ ಸಾಧ್ವಿಯ ಮುಖ ಮಾಡಿಕೊಂಡು. ಆ ಮುಖವೂ ಕಾನ್ವೆಂಟಿನ ವಿದ್ಯೆಯೇ.

ಪಾರ್ಟ್ ಬಂತು, ನನ್ನ ಲೀವ್ ಸೈನ್ ಆಯಿತು. ಆ ಹಬ್ಬಕ್ಕೆ ಅಮ್ಮ ಪಾಯಸದಲ್ಲಿ ಹೊಸ ಅಕ್ಕಿ ಬೆರೆಸಿ ನನಗೇ ಮೊದಲು ಬಡಿಸಿದಳು. ಇಡೀ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು, ಕೊನೆಗೆ ಕಣ್ಣೊರೆಸಿಕೊಂಡು ಕೇಳಿದಳು: "ಮತ್ತೆ ನನಗೆ ಬರೆಯುವಾಗ ಬರೀ 'ನಿನ್ನ ಮಗಳು' ಅಂತ ಹಾಕ್ತೀಯಲ್ಲ, ಅಷ್ಟು ಗಿಡ್ಡ ಯಾಕೆ?"