ಗೋಡೆಗೆ ಕಟ್ಟಿದ ಕುಂಬಳಕಾಯಿ

ಕುಂದಲಹಳ್ಳಿಯ ಚಿಕ್ಕಮುನಿಯಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಪಕ್ಕದ ಸೈಟಿನ ಗೋಪಿನಾಥನಿಗೆ ಮಾತ್ರ ಅದು ಕೇಳಿಸುತ್ತಲೇ ಇರಲಿಲ್ಲ. ಪಿ.ಜಿ. ಹಾಸ್ಟೆಲ್ ಕಟ್ಟಿಸುವಾಗ ಆ ಪುಣ್ಯಾತ್ಮ ಸೈಟಿಗೆ ಲೋಡುಗಟ್ಟಲೆ ಮಣ್ಣು ತುಂಬಿಸಿದ. ಭಾರವೆಲ್ಲ ಅವನ ಹಳೇ ಕಾಂಪೌಂಡ್ ಗೋಡೆಯ ಮೇಲೆ ಬಿತ್ತು. ನೀರು ಹೊರಗೆ ಹೋಗಲು ಅದರಲ್ಲಿ ಒಂದು ತೂತೂ ಇರಲಿಲ್ಲ. ಗೋಡೆ ತುಂಬು ಬಸುರಿಯ ಹೊಟ್ಟೆಯಂತೆ ಚಿಕ್ಕಮುನಿಯಮ್ಮನ ಕೊಟ್ಟಿಗೆಯ ಕಡೆ ಉಬ್ಬಿ ಬಿರುಕು ಬಿಟ್ಟಿತು.

"ಗೋಡೆ ಬಿದ್ದೋಯ್ತದೆ, ಬಿಚ್ಚಿ ಕಟ್ಸಪ್ಪಾ" ಎಂದು ಆಕೆ ಬಾಯಿ ಬಾಯಿ ಬಡಿದುಕೊಂಡಳು.

"ದೃಷ್ಟಿ ಬಿದ್ದಿದೆ ಅಷ್ಟೇ ಕಣಮ್ಮ" ಎಂದ ಗೋಪಿನಾಥ, ಬಿರುಕಿನ ಮೇಲೊಂದು ಬೂದುಗುಂಬಳಕಾಯಿ ಕಟ್ಟಿಸಿದ.

ಜೋರು ಮಳೆಗೆ ಗೋಡೆ ಕುಸಿಯಿತು. ಕೊಟ್ಟಿಗೆ ನೆಲಸಮವಾಯಿತು. ಒಳಗಿದ್ದ ಹಸು ಗೌರಿ ಸತ್ತಿತು.

ಚಿಕ್ಕಮುನಿಯಮ್ಮ ದೂರು ಕೊಟ್ಟಳು. ಪೊಲೀಸ್ ಸ್ಟೇಷನ್ನಿನಲ್ಲಿ ಗೋಪಿನಾಥ ಕೈ ಮೇಲೆತ್ತಿದ. "ಮಳೆ ದೇವ್ರದ್ದು ಸಾರ್. ಗೋಡೆ ಹಿಂಗಿದೆ ಅಂತ ನನಗೇನ್ ಗೊತ್ತು?"

"ಗೊತ್ತಿಲ್ದೆ ಇದ್ರೆ ಕುಂಬಳಕಾಯಿ ಯಾಕ್ ಕಟ್ಟಿದ್ದೆ?" ಎಂದಳು ಚಿಕ್ಕಮುನಿಯಮ್ಮ.

ಸಬ್ ಇನ್ಸ್‌ಪೆಕ್ಟರ್ ತಲೆ ಎತ್ತಿ ನೋಡಿದರು. "ಗೊತ್ತಿದ್ದೂ ಸುಮ್ನಿದ್ರಲ್ಲ, ಜವಾಬ್ದಾರಿ ನಿಮ್ದೇ. ಆಯಮ್ಮ ಕೋರ್ಟಿಗೆ ಹೋದ್ರೆ ಮಳೆ ಬಂದು ನಿಮ್ ಪರ ಸಾಕ್ಷಿ ಹೇಳಲ್ಲ. ನಷ್ಟ ತುಂಬ್ಕೊಡಿ, ಗೋಡೆನೂ ಸರಿಯಾಗಿ ಕಟ್ಸಿ."

ಹಸುವಿನ ದುಡ್ಡು ಬಂತು, ಹಸು ಬರಲಿಲ್ಲ. ಹೊಸ ಗೋಡೆಯೂ ಎದ್ದಿತು. ಚಿಕ್ಕಮುನಿಯಮ್ಮ ಅದರ ಬುಡವನ್ನೆಲ್ಲ ಬಗ್ಗಿ ತಡವಿ ನೋಡಿದಳು. ಈ ಸಲವೂ ನೀರಿಗೆ ದಾರಿ ಬಿಟ್ಟಿರಲಿಲ್ಲ. ಮೇಲೆ ತೂಗುತ್ತಿದ್ದ ಕುಂಬಳಕಾಯಿ ಮಾತ್ರ ಮೊದಲಿನದಕ್ಕಿಂತ ದೊಡ್ಡದಿತ್ತು.